ಐದು ದಿನದ ಒಂದು ರಾತ್ರಿ

ಲಹೆರ್‌ಚಂದ್ ದೇಢಿಯಾ ನಮ್ಮ ಆಫೀಸಿಗೆ ನಿನ್ನೆಯನ್ನು ಕೊಳ್ಳಲು ಬರುತ್ತಿದ್ದರು. ಇದು ನನ್ನ ಮಾತಲ್ಲ, ಅವರದೇ. ಮಧ್ಯಾಹ್ನ ಒಂದು ಗಂಟೆಗೆ ಮಸೀದಿ ಬಂದರಿನ ಕಡೆಯಿಂದ ಬಸ್ಸಿನಲ್ಲಿ ಬಂದು, ಮೂರನೆಯ ಮಹಡಿಗೆ ಮೆಟ್ಟಿಲಲ್ಲೇ ಹತ್ತಿ, ಬೆವರು ಒರೆಸಿಕೊಳ್ಳುತ್ತ ನನ್ನ ಕೌಂಟರಿನ ಮುಂದೆ ನಿಂತು, "ವಾರಿಜಾಬೆನ್, ಒಂದು ನಿನ್ನೆ ಕೊಡಿ" ಎನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ಮನುಷ್ಯನಿಗೆ ಬಿಸಿಲು ತಲೆಗೇರಿದೆ ಅಂದುಕೊಂಡೆ. ಇಪ್ಪತ್ತೇಳು ವರ್ಷ ಕೇಳಿದ ಮೇಲೆ ನನಗೂ ಅದು ಸರಿ ಅನ್ನಿಸತೊಡಗಿತ್ತು.

ಮುಂಬಯಿಯ ಫೋರ್ಟಿನಲ್ಲಿ ಮ್ಯೂಚುವಲ್ ಫಂಡಿನ ಅರ್ಜಿಗಳನ್ನು ತೆಗೆದುಕೊಳ್ಳುವ ಆಫೀಸು ನಮ್ಮದು. ಅರ್ಜಿಯ ಮೇಲೆ ತಾರೀಖು, ಗಂಟೆ, ನಿಮಿಷ ಒತ್ತುವ ಒಂದು ಯಂತ್ರ ಇತ್ತು. ಅದರ ಬಾಯಿಗೆ ಕಾಗದ ಕೊಡುವುದು ನನ್ನ ಕೆಲಸ. ನಾಲ್ಕಾರು ದಿನಕ್ಕೆ ಹಣ ಇಡುವ ಲಿಕ್ವಿಡ್ ಫಂಡಿಗೋ ಓವರ್‌ನೈಟ್ ಫಂಡಿಗೋ ಮಧ್ಯಾಹ್ನ ಒಂದೂವರೆ ಗಂಟೆಯೊಳಗೆ ಅರ್ಜಿ ಬಂದು, ಹಣವೂ ಅಷ್ಟರೊಳಗೆ ಫಂಡಿನ ಕೈ ಸೇರಿದರೆ, ಯೂನಿಟ್, ಅಂದರೆ ಫಂಡಿನ ಪಾಲು, ಸಿಗುವುದು ಹಿಂದಿನ ದಿನದ ಬೆಲೆಗೆ. ಒಂದೂವರೆ ದಾಟಿದರೆ ಆ ನಿನ್ನೆ ಕೈತಪ್ಪಿತು. ಹೀಗಾಗಿ ನಮ್ಮಲ್ಲಿ ನಿನ್ನೆ ಎನ್ನುವುದು ಮಧ್ಯಾಹ್ನದ ತನಕ ಮಾರಾಟಕ್ಕಿರುತ್ತಿತ್ತು.

ಲಹೆರ್‌ಚಂದ್ ಫಂಡಿನ ಏಜೆಂಟರು. ಕಚ್ಛಿ ಜೈನರು, ಹುಟ್ಟಿ ಬೆಳೆದದ್ದು ಬೇಳೆಕಾಳಿನ ಗೋದಾಮುಗಳ ನಡುವೆ. ಅಣ್ಣತಮ್ಮಂದಿರೆಲ್ಲ ತಕ್ಕಡಿ ಹಿಡಿದರೆ ಇವರು ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆದರು. ಅರ್ಧ ಬಜಾರು ಅವರನ್ನು "ಲೇರಿಲಾಲಾ" ಎಂದು ಕರೆಯುತ್ತಿತ್ತು, ಅಂದರೆ ಗಾಳಿಯಲ್ಲಿ ತೇಲುವ ಆಸಾಮಿ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ ಒಂದೂವರೆ ಗಂಟೆಯೊಳಗೆ ಹುಡುಗಿ ಸಿಗಲಿಲ್ಲ ಎನ್ನುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು, ಎದುರಿಗೆ ಬಂದು ನಿಂತ ತಕ್ಷಣ ಇಳಿದೂ ಹೋಗುತ್ತಿತ್ತು.

ಅವರಿಗೆ ದೊಡ್ಡ ದೊಡ್ಡ ಹೂಡಿಕೆಗಳಲ್ಲಿ ಆಸೆ ಇರಲಿಲ್ಲ. ಶೇರು ಏರುವುದು, ಇಳಿಯುವುದು ಯಾವುದೂ ಬೇಡ. ಇವತ್ತು ಬಂದು ಮುಂದಿನ ವಾರ ಹೋಗುವ ಹಣ, ಒಂದು ಸರಕು ಮಾರಿ ಇನ್ನೊಂದು ಕೊಳ್ಳುವ ನಡುವೆ ಕೈಯಲ್ಲಿ ನಿಲ್ಲುವ ಹಣ, ಅದೇ ಅವರ ಪ್ರೀತಿ. ಅಂಥ ಹಣ ಪ್ಲಾಟ್‌ಫಾರಮ್ಮಿನಲ್ಲಿ ಕೂತ ಪ್ರಯಾಣಿಕ, ಅದಕ್ಕೊಂದು ಬೆಂಚು ಬೇಕು ಎನ್ನುತ್ತಿದ್ದರು. ಶುಕ್ರವಾರ ಮೂರು ಗಂಟೆಯೊಳಗೆ ಹಿಂಪಡೆಯುವ ಚೀಟಿ ಕೊಟ್ಟರೆ ಹಣ ಸೋಮವಾರ ಬರುತ್ತದೆ, ಬೆಲೆ ಮಾತ್ರ ಭಾನುವಾರದ್ದು. ಯಾರೂ ಕೆಲಸ ಮಾಡದ ಭಾನುವಾರಕ್ಕೂ ಒಂದು ಬೆಲೆ ಇದೆ ಎನ್ನುವುದು ಅವರಿಗೆ ಎಷ್ಟು ವರ್ಷವಾದರೂ ಮುಗಿಯದ ಅಚ್ಚರಿ. ನನ್ನ ಕೌಂಟರಿನ ಮೇಲೆ ಮೊಣಕೈ ಊರಿ, ಕಿಟಕಿಯಾಚೆ ಹಡಗುಕಟ್ಟೆಯ ಕ್ರೇನುಗಳನ್ನು ನೋಡುತ್ತ, "ನಾವು ಮಲಗಿದಾಗ್ಲೂ ಅದು ನಡೀತಾನೇ ಇರತ್ತಲ್ಲ, ಬೆನ್" ಎನ್ನುತ್ತಿದ್ದರು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು.

ಒಮ್ಮೆ ಆ ಬೆಂಚು ಮುರಿಯಿತು. ಕೊರೊನಾಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಅವರ ದೊಡ್ಡಪ್ಪನ ಮಗ ನಾನ್‌ಜಿಭಾಯಿ ತೀರಿಕೊಂಡಿದ್ದರು. ಅವರ ವಿಮೆಯ ಹಣ ನಾಲ್ಕು ಲಕ್ಷ. ಅದನ್ನು ನಾನ್‌ಜಿಭಾಯಿಯ ಹೆಂಡತಿ ಪಾನ್‌ಬಾಯಿಯ ಹೆಸರಿನಲ್ಲಿ ಲಹೆರ್‌ಚಂದ್ ಒಂದು ಲಿಕ್ವಿಡ್ ಫಂಡಿನಲ್ಲಿ ಇಟ್ಟರು. ಲಿಕ್ವಿಡ್ ಫಂಡು ಎಂದರೆ ಹೆಚ್ಚೆಂದರೆ ತೊಂಬತ್ತೊಂದು ದಿನದೊಳಗೆ ತೀರುವ ಸಾಲಗಳಿಗೆ ಹಣ ಕೊಡುವ ಫಂಡು. ಸರ್ಕಾರಕ್ಕೂ ಕೊಡುತ್ತದೆ, ಬ್ಯಾಂಕಿಗೂ ಕೊಡುತ್ತದೆ, ಕಂಪನಿಗಳಿಗೂ ಕೊಡುತ್ತದೆ. ಆ ಫಂಡು ರಸ್ತೆ ಕಟ್ಟುವ ಒಂದು ಕಂಪನಿಗೂ ಕೊಟ್ಟಿತ್ತು. ಕಂಪನಿಗೆ ಎಲ್ಲಕ್ಕಿಂತ ಮೇಲಿನ ದರ್ಜೆಯ ಸರ್ಟಿಫಿಕೇಟು ಇತ್ತು. ಹಾಗಿದ್ದೂ ಒಂದು ದಿನ ಅದು ಹಣ ಕಟ್ಟಲಿಲ್ಲ. ದಿನವೂ ಎರಡು ಕಾಳು ಏರುತ್ತಿದ್ದ ಬೆಲೆ ಒಂದೇ ದಿನ ನೂರಕ್ಕೆ ಮೂರೂವರೆ ಕುಸಿಯಿತು. ಪಾನ್‌ಬಾಯಿಯ ಹದಿನಾಲ್ಕು ಸಾವಿರ ಹೋಯಿತು.

ಅವತ್ತು ಲಹೆರ್‌ಚಂದ್ ನನ್ನ ಮುಂದೆ ನಿಂತು ನಿನ್ನೆ ಕೇಳಲಿಲ್ಲ. ಹದಿನಾಲ್ಕು ಸಾವಿರವನ್ನು ಜೇಬಿನಿಂದ ಕೊಡಲು ಹೋದರಂತೆ, ಪಾನ್‌ಬಾಯಿ ಮುಟ್ಟಲಿಲ್ಲವಂತೆ. ಹಾಲು ಉಕ್ಕಿತು, ಪಾತ್ರೆ ಉಳಿಯಿತು, ಅಷ್ಟೇ ಅಂದುಕೊಳ್ಳಿ ಎಂದರಂತೆ. ಆಮೇಲೆ ಲಹೆರ್‌ಚಂದ್ ಲಿಕ್ವಿಡ್ ಫಂಡಿನ ಅರ್ಜಿ ತರುವುದನ್ನೇ ಬಿಟ್ಟರು. ಬರೀ ಓವರ್‌ನೈಟ್. ಅದು ಸರ್ಕಾರಿ ಸಾಲಪತ್ರಗಳನ್ನು ಅಡವಿಟ್ಟುಕೊಂಡು ಒಂದು ರಾತ್ರಿಯ ಮಟ್ಟಿಗೆ ಮಾತ್ರ ಹಣ ಕೊಡುತ್ತದೆ, ಬೆಳಗಾದರೆ ವಾಪಸು. ಬಡ್ಡಿ ಕಡಿಮೆ, ಉಳಿತಾಯ ಖಾತೆಗಿಂತ ಒಂದು ಎಳೆ ಹೆಚ್ಚು ಅಷ್ಟೇ. ಒಂದು ರಾತ್ರಿಯಲ್ಲಿ ಏನು ಕೆಡುತ್ತದೆ ಎನ್ನುತ್ತಿದ್ದರು.

ಈ ಪಾನ್‌ಬಾಯಿಯನ್ನು ನಾನೂ ಬಲ್ಲೆ. ಸಹಿ ತಾಳೆಯಾಗದಾಗ ಎರಡು ಸಲ ಕೌಂಟರಿಗೆ ಬಂದಿದ್ದರು. ಗೋದಾಮಿನ ಹಿಂದಿನ ಕೋಣೆಯಲ್ಲಿ ನಲವತ್ತೆರಡು ವರ್ಷ ಸಂಸಾರ ಮಾಡಿದವರು. ಆ ಕೋಣೆಗೆ ಕಿಟಕಿ ಇರಲಿಲ್ಲ. ಹಗಲೂ ಬಲ್ಬು ಉರಿಯಬೇಕು. ಮಳೆ ಬಂತೋ ಇಲ್ಲವೋ ಎನ್ನುವುದು ಹಮಾಲರ ಚೀಲ ಒದ್ದೆಯಾಗಿದೆಯೇ ಎಂದು ನೋಡಿ ಗೊತ್ತಾಗಬೇಕು. ಗಂಡ ಹೋದ ಮೇಲೆ, ಕೊರೊನಾ ಇಳಿದ ವರ್ಷ, ಅವರು ಆ ಕೋಣೆಯನ್ನೂ ಅಂಗಡಿಯ ಹಕ್ಕನ್ನೂ ಮಾರಿದರು. ಮುಂಬಯಿಯ ಅಂಚಿನಾಚೆ ಭಾಯಂದರಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ನೋಡಿ ಬಂದರು. ನಾಲ್ಕನೆಯ ಮಹಡಿ. ಕಿಟಕಿ ತೆರೆದರೆ ಉಪ್ಪಿನ ಗದ್ದೆಗಳು, ಅವುಗಳಾಚೆ ಸಮುದ್ರದ ನೀರು ಒಳಬರುವ ಖಾರಿ, ಖಾರಿಯ ಮೇಲೆ ರೈಲಿನ ಸೇತುವೆ. ಅವರು ಆ ಮನೆಯ ಬೆಲೆ, ನಲ್ಲಿ, ಗೋಡೆ ಯಾವುದನ್ನೂ ಸರಿಯಾಗಿ ನೋಡಲಿಲ್ಲ ಎಂದು ಲಹೆರ್‌ಚಂದ್ ನಗುತ್ತ ಹೇಳಿದರು. ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು ಒಂದು ಗಂಟೆ ನಿಂತಿದ್ದರಂತೆ. ಉಪ್ಪಿನ ನೀರು ಬಣ್ಣ ಬದಲಿಸುತ್ತದೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದರಂತೆ.

ಮಾರುವವರು ವೇಲ್‌ಜಿ ಹರಿಯಾ, ಅದೇ ಬಜಾರಿನ ಹಳೆಯ ವ್ಯಾಪಾರಿ. ಬೆಲೆ ಇಪ್ಪತ್ತೊಂಬತ್ತು ಲಕ್ಷ. ಒಂದು ಲಕ್ಷ ಮುಂಗಡ ಕೊಟ್ಟಾಯಿತು. ಉಳಿದ ಇಪ್ಪತ್ತೆಂಟು ಲಕ್ಷ ದೀಪಾವಳಿಯ ಸಂಜೆ, ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಮುಹೂರ್ತದೊಳಗೆ ಖಾತೆಗೆ ಬರಬೇಕು. ಆ ಹಣದಿಂದ ಹರಿಯಾ ಅದೇ ದಿನ ಬೇರೊಬ್ಬರಿಗೆ ಕೊಡಬೇಕಿತ್ತು. ಬರದಿದ್ದರೆ ಮನೆ ಕೆಳಗಿನ ಮಹಡಿಯವರಿಗೆ, ಅವರು ಹಣ ಹಿಡಿದು ಕಾಯುತ್ತಿದ್ದರು. ನೋಂದಣಿ ಹಬ್ಬ ಕಳೆದ ಮೇಲೆ. ಹಬ್ಬಕ್ಕೆ ಇನ್ನೂ ಐದು ವಾರ ಇತ್ತು. ಇಪ್ಪತ್ತೆಂಟು ಲಕ್ಷವನ್ನು ಲಹೆರ್‌ಚಂದ್ ಓವರ್‌ನೈಟ್ ಫಂಡಿನಲ್ಲಿ ಇಟ್ಟರು. ಉಳಿತಾಯ ಖಾತೆಯಲ್ಲೇ ಬಿಟ್ಟಿದ್ದರೂ ಐದು ವಾರಕ್ಕೆ ಸಾವಿರ ರೂಪಾಯಿಯ ಆಸುಪಾಸು ಕಡಿಮೆ ಆಗುತ್ತಿತ್ತು, ಅಷ್ಟೇ. ಸಾವಿರ ರೂಪಾಯಿ.

ಆ ವರ್ಷ ದೀಪಾವಳಿ ಗುರುವಾರ ಬಿತ್ತು. ಮಂಗಳವಾರ ಧನತೇರಸ್.

ಮಂಗಳವಾರ ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಲಹೆರ್‌ಚಂದ್ ಬಂದರು. ಹಿಂಪಡೆಯುವ ಚೀಟಿಯನ್ನು ಪಾನ್‌ಬಾಯಿಯಿಂದ ಸಹಿ ಮಾಡಿಸಿ ತಂದಿದ್ದರು. ಮೂರು ಗಂಟೆಯೊಳಗೆ ಒತ್ತಿದರೆ ಬುಧವಾರ ಹಣ ಪಾನ್‌ಬಾಯಿಯ ಬ್ಯಾಂಕು ಸೇರುತ್ತದೆ. ನಾನು ಚೀಟಿಯನ್ನು ಯಂತ್ರದ ಬಾಯಿಗೆ ಇಟ್ಟೆ. ಅವರು ಅದರ ಮೇಲೆ ಅಂಗೈ ಇಟ್ಟರು.

"ಒಂದ್ನಿಮಿಷ, ಬೆನ್. ಇವತ್ತು ಧನತೇರಸ್ ಅಲ್ವಾ."

"ಹೌದು. ಅದಕ್ಕೇನೀಗ?"

"ಇವತ್ತು ಲಕ್ಷ್ಮಿನ ಕೂತ ಜಾಗದಿಂದ ಎಬ್ಬಿಸ್ತಾರಾ? ಅದೂ ಪಾನ್‌ಬಾಯಿ ಭಾಭಿಯ ಲಕ್ಷ್ಮಿ. ಒಂದ್ಸಲ ಆಗಿದ್ದೇ ಸಾಕು."

ಅವರ ಜನರಲ್ಲಿ ಧನತೇರಸ್ಸಿನ ದಿನ ಹಣ ಮನೆಗೆ ಬರಬೇಕು, ಮನೆಯಿಂದ ಹೊರಡಬಾರದು. ನಾನು ವಾದಿಸಬಹುದಿತ್ತು. ನನ್ನ ಬೆನ್ನ ಹಿಂದಿನ ಗೋಡೆಗೆ ರಜೆಯ ಪಟ್ಟಿ ಅಂಟಿಸಿತ್ತು, ಜನವರಿಯಲ್ಲಿ ನಾನೇ ಅಂಟಿಸಿದ್ದು. ತಿರುಗಿ ನೋಡಿದ್ದರೆ ಸಾಕಿತ್ತು. ನನಗೆ ಹಣತೆ ಕೊಳ್ಳಲು ಹೋಗಬೇಕಿತ್ತು, ಚಹಾ ತಣ್ಣಗಾಗುತ್ತಿತ್ತು, ಹಿಂದೆ ಸಾಲು ಬೆಳೆಯುತ್ತಿತ್ತು.

"ಹಾಗಾದ್ರೆ ನಾಳೆ ತನ್ನಿ. ನಾಳೆ ಕೌಂಟರ್ ತೆರೆದಿರತ್ತೆ" ಎಂದೆ.

ಅದರಲ್ಲಿ ಸುಳ್ಳು ಇರಲಿಲ್ಲ. ಬುಧವಾರ ಕೌಂಟರು ತೆರೆದಿತ್ತು.

ಬುಧವಾರ ಅವರು ಎರಡು ಗಂಟೆಗೆ ಬಂದರು, ಕೈಯಲ್ಲಿ ನನಗಾಗಿ ಗರಿಗರಿ ಖಾಖ್ರಾ ರೊಟ್ಟಿಯ ಪೊಟ್ಟಣ. ಯಂತ್ರ ಒತ್ತಿತು. ನಾನು ಕಂಪ್ಯೂಟರಿನಲ್ಲಿ ಹಣ ಬರುವ ದಿನ ನೋಡಿ, ರಸೀದಿಯ ಮೇಲೆ ಬರೆಯಲು ಪೆನ್ನು ಎತ್ತಿದವಳು ಹಾಗೇ ನಿಂತೆ. ಪರದೆಯ ಮೇಲೆ ಸೋಮವಾರ ಎಂದಿತ್ತು.

"ಲಹೆರ್‌ಭಾಯಿ, ದುಡ್ಡು ಸೋಮವಾರ."

ಅವರು ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

"ನಾಳೆ ಬಜಾರ್ ತೆರೀತದಲ್ಲ, ಬೆನ್. ಸಂಜೆ ಮುಹೂರ್ತದ ವ್ಯಾಪಾರ. ಅಷ್ಟೂ ಗೊತ್ತಿಲ್ವಾ ನಿಮ್ಗೆ?"

ಅಲ್ಲೇ ಇತ್ತು ತಪ್ಪು. ದೀಪಾವಳಿಯ ಸಂಜೆ ಶೇರು ಬಜಾರು ಒಂದು ಗಂಟೆ ತೆರೆಯುತ್ತದೆ, ಶುಭಕ್ಕೆ ನಾಲ್ಕು ಶೇರು ಕೊಳ್ಳುತ್ತಾರೆ. ದೀಪ ಹಚ್ಚಿದಷ್ಟೇ ಸಹಜವಾಗಿ ಲಹೆರ್‌ಚಂದ್ ಆ ಗಂಟೆಯನ್ನು ನಂಬಿದ್ದರು. ಬಜಾರು ತೆರೆದಿದ್ದರೆ ಅದು ಕೆಲಸದ ದಿನ ಎನ್ನುವುದು ಅವರ ಲೆಕ್ಕ, ಬ್ಯಾಂಕಿನಿಂದ ಬ್ಯಾಂಕಿಗೆ ಹಣವಂತೂ ಈಗ ಭಾನುವಾರವೂ ಹಬ್ಬದಲ್ಲೂ ಓಡುತ್ತದೆ. ಆದರೆ ಓವರ್‌ನೈಟ್ ಫಂಡಿನ ಹಣ ಶೇರು ಬಜಾರಿನಲ್ಲಿ ಇರುವುದಿಲ್ಲ. ಅದು ಸಾಲದ ಬಜಾರಿನಲ್ಲಿರುತ್ತದೆ, ಆ ಬಜಾರಿಗೆ ಮುಹೂರ್ತ ಗೊತ್ತಿಲ್ಲ. ಗುರುವಾರ ಅದು ಮುಚ್ಚಿತ್ತು. ಶುಕ್ರವಾರ ಬಲಿಪಾಡ್ಯ. ಆಮೇಲೆ ಶನಿವಾರ, ಭಾನುವಾರ. ಬುಧವಾರ ಸಂಜೆ ಒಂದು ರಾತ್ರಿಗೆಂದು ಸಾಲ ಹೋದ ಹಣ ವಾಪಸು ಬರುವುದು ಸೋಮವಾರ ಬೆಳಿಗ್ಗೆ. ಒಂದು ರಾತ್ರಿ, ಐದು ದಿನ ಉದ್ದ.

ಮೂವತ್ತು ವರ್ಷ ಈ ಕೆಲಸ ಮಾಡಿದವರಿಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಅವರ ಗಿರಾಕಿಗಳೆಲ್ಲ ಅವರದೇ ಜನ. ದೀಪಾವಳಿಯ ವಾರ ಅವರಲ್ಲಿ ಯಾರೂ ಯಾವ ವರ್ಷವೂ ಫಂಡಿನಿಂದ ಹಣ ಎಬ್ಬಿಸಿದವರೇ ಅಲ್ಲ. ಯಾರೂ ಎಬ್ಬಿಸದ ಹಣ ಯಾವಾಗ ಏಳುತ್ತದೆ ಎಂದು ತಿಳಿಯುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ನಾನು ಕುರ್ಚಿ ತಿರುಗಿಸಿ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ಓದಿದರು. ಆಮೇಲೆ ಮೆಲ್ಲಗೆ ಕೇಳಿದ್ದು ಇಷ್ಟೇ.

"ನಿನ್ನೆ ಒತ್ತಿದ್ರೆ ಇವತ್ತು ಬರ್ತಿತ್ತಾ?"

"ಬರ್ತಿತ್ತು."

"ಒಂದು ನಿನ್ನೆ ಕೊಡಿ, ಬೆನ್" ಎಂದರು. ನಗಲಿಲ್ಲ. ನಾನೂ ನಗಲಿಲ್ಲ. ಒಂದೂವರೆ ಗಂಟೆ ಯಾವಾಗಲೋ ಕಳೆದಿತ್ತು, ಅಲ್ಲದೆ ಈ ನಿನ್ನೆ ನಮ್ಮಲ್ಲಿ ಮಾರಾಟಕ್ಕಿರಲಿಲ್ಲ.

ತಕ್ಷಣ ಹಣ ಕೊಡುವ ಸೌಲಭ್ಯವೊಂದು ಇದೆ, ಅದರಲ್ಲಿ ದಿನಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಬರುವುದಿಲ್ಲ. ಇಪ್ಪತ್ತೆಂಟು ಲಕ್ಷದ ಮುಂದೆ ಅದು ಏನೂ ಅಲ್ಲ. ಲಹೆರ್‌ಚಂದ್ ಅಲ್ಲಿಂದ ಸೀದಾ ತಮ್ಮ ಬ್ಯಾಂಕಿಗೆ ಓಡಿದರು. ಕಚ್ಛದ ಮಾಂಡವಿಯಲ್ಲಿ ಸಮುದ್ರದ ಹತ್ತಿರ ಒಂದು ಕೋಣೆ ಕೊಳ್ಳುವ ಕನಸಿಗೆಂದು ಅವರು ನಾಲ್ಕೂವರೆ ಲಕ್ಷವನ್ನು ಠೇವಣಿ ಇಟ್ಟಿದ್ದರು. ಮಲಗಿದ ಹಣ ಎಂದು ಅದನ್ನು ಅವರೇ ಹಂಗಿಸುತ್ತಿದ್ದರು. ಆ ಮಲಗಿದ ಹಣ ಅರ್ಧ ಗಂಟೆಯಲ್ಲಿ ಎದ್ದು ಕೈಗೆ ಬಂತು, ಸ್ವಲ್ಪ ಬಡ್ಡಿ ಕಳೆದುಕೊಂಡು. ಅದನ್ನು ಹಿಡಿದು ಹರಿಯಾರ ಅಂಗಡಿಗೆ ಹೋದರು. ಉಳಿದದ್ದಕ್ಕೆ ನನ್ನ ಯಂತ್ರ ಒತ್ತಿದ ರಸೀದಿ ತೋರಿಸಿದರು. ಬಜಾರಿನಲ್ಲಿ ಹತ್ತು ಕಡೆ ಕೈಗಡ ಕೇಳಿದರು. ಬೇರೆ ವಾರವಾಗಿದ್ದರೆ ಅವರ ಮಾತಿಗೇ ಐವತ್ತು ಲಕ್ಷ ಎದ್ದು ಬರುತ್ತಿತ್ತು. ಆ ವಾರ ಹಳೆಯ ಬಾಕಿ ತೀರಿಸುವುದುಂಟು, ಹೊಸ ಕೈಗಡಕ್ಕೆ ಯಾರೂ ಲಕ್ಷ್ಮಿಯನ್ನು ಹೊರಗೆ ಕಳಿಸಲಿಲ್ಲ. ಅದು ಅವರದೇ ನಿಯಮ, ಯಾರನ್ನು ಬೈಯುವುದು?

ಹರಿಯಾ ಕೆಟ್ಟವರಲ್ಲ. ತಮ್ಮ ಬಾಕಿಯೂ ಅದೇ ಮುಹೂರ್ತಕ್ಕಿದೆ, ಸೋಮವಾರದ ಕಾಗದದಿಂದ ಅದು ತೀರುವುದಿಲ್ಲ ಎಂದು ಕೈಮುಗಿದರು. ಮುಂಗಡದ ಒಂದು ಲಕ್ಷವನ್ನು ಇಟ್ಟುಕೊಳ್ಳುವ ಹಕ್ಕಿದ್ದರೂ ಪೂರ್ತಿ ವಾಪಸು ಕೊಟ್ಟರು, ಮೇಲೆ ಒಂದು ಡಬ್ಬಿ ಮಿಠಾಯಿ. ಗುರುವಾರ ಸಂಜೆ ಕೆಳಗಿನ ಮಹಡಿಯವರ ಹಣ ಬಂತು. ಕಿಟಕಿ ಅವರದಾಯಿತು.

ಸೋಮವಾರ ಪಾನ್‌ಬಾಯಿಯ ಖಾತೆಗೆ ಹಣ ಸೇರಿತು, ಭಾನುವಾರದ ಬೆಲೆಯಲ್ಲಿ. ಮಂಗಳವಾರ ಒತ್ತಿದ್ದರೆ ಬರುತ್ತಿದ್ದುದಕ್ಕಿಂತ ಸಾವಿರದ ನೂರ ಎಂಬತ್ತೊಂಬತ್ತು ರೂಪಾಯಿ ಹೆಚ್ಚು. ಫಂಡಿನಲ್ಲಿ ಯಾವ ಕಂಪನಿಯೂ ಮುಳುಗಿರಲಿಲ್ಲ, ಯಾರೂ ಮೋಸ ಮಾಡಿರಲಿಲ್ಲ, ಎಲ್ಲ ನಿಯಮದಂತೆ ನಡೆದಿತ್ತು. ಆಫೀಸಿನವರೆಲ್ಲ ಏನೂ ನಷ್ಟವಾಗಲಿಲ್ಲವಲ್ಲ ಎಂದರು. ನನಗೆ ಅವರ ಬಾಯಿಗೆ ಆ ಯಂತ್ರ ಒತ್ತಬೇಕು ಅನ್ನಿಸಿತು.

ಲಹೆರ್‌ಚಂದ್ ಕೆಲಸ ಬಿಡಲಿಲ್ಲ. ಆದರೆ ಅಂಗಿಯ ಜೇಬಿನಲ್ಲಿ ಸಾಲದ ಬಜಾರಿನ ರಜೆಯ ಪಟ್ಟಿ ಮಡಚಿಟ್ಟುಕೊಂಡು ಓಡಾಡತೊಡಗಿದರು. ಗಿರಾಕಿ ಹಣ ಕೊಡುವ ಮೊದಲೇ ಯಾವ ದಿನ ಬೇಕು ಎಂದು ಕೇಳುತ್ತಿದ್ದರು. ಆ ದಿನವನ್ನು ಪಟ್ಟಿಯ ಮೇಲೆ ತೋರಿಸಿ, ಅದಕ್ಕೆ ಎರಡು ದಿನ ಮೊದಲೇ ತೆಗೆಯಿರಿ, ಮೂರು ದಿನದ ಮಾತಾದರೆ ಬ್ಯಾಂಕಿನಲ್ಲೇ ಬಿಡಿ ಎನ್ನುತ್ತಿದ್ದರು. ಗಿರಾಕಿಗಳು ಕಡಿಮೆಯಾದರು. ನಿನ್ನೆ ಕೇಳುವುದನ್ನು ಮತ್ತೆಂದೂ ಮಾಡಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. "ನಾಳೆ ತನ್ನಿ" ಎಂದಿದ್ದು ನಾನು ಎಂದು ಅವರಿಗೆ ನೆನಪಿಲ್ಲ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ಫೆಬ್ರವರಿಯಲ್ಲಿ ಪಾನ್‌ಬಾಯಿ ಮನೆ ತೆಗೆದುಕೊಂಡರು. ಅದೇ ಕಟ್ಟಡ, ಅದೇ ನಾಲ್ಕನೆಯ ಮಹಡಿ, ಆದರೆ ಹಿಂಬದಿ. ಜೈನರ ಪದ್ಧತಿಯಂತೆ ಸೂರ್ಯ ಮುಳುಗುವ ಮೊದಲು ಊಟಕ್ಕೆ ಬನ್ನಿ ಎಂದು ನನ್ನನ್ನೂ ಕರೆದಿದ್ದರು. ಲಹೆರ್‌ಚಂದ್ ಮತ್ತು ನಾನು ಒಂದೇ ಲೋಕಲ್ಲಿನಲ್ಲಿ ಹೋದೆವು. ದಾರಿಯಲ್ಲಿ ಉಪ್ಪಿನ ಗದ್ದೆಗಳು ಕಂಡವು, ತೆಳು ಗುಲಾಬಿ. ಅವರು ಆ ಕಡೆ ಮುಖ ತಿರುಗಿಸಲಿಲ್ಲ.

ಮನೆ ಚೊಕ್ಕಟವಾಗಿತ್ತು. ಗೋಡೆಯಲ್ಲಿ ಕಿಟಕಿಯೊಂದಿತ್ತು, ಅದಕ್ಕೆ ನೆಲ ಮುಟ್ಟುವ ಒಂದು ತೆಳು ನೀಲಿ ಪರದೆ, ಆ ಬಡ ಕೋಣೆಗೆ ಸ್ವಲ್ಪ ಹೆಚ್ಚೇ ಅನ್ನಿಸುವಷ್ಟು ಒಳ್ಳೆಯ ಬಟ್ಟೆ. ಫ್ಯಾನಿನ ಗಾಳಿಗೆ ಅದು ಉಬ್ಬಿ ಇಳಿಯುತ್ತಿತ್ತು. ಪರದೆಯ ಅಂಚಿನಿಂದ ಒಮ್ಮೆ ನನಗೆ ಪಕ್ಕದ ಕಟ್ಟಡದ ಗೋಡೆ ಕಂಡಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಪಾಚಿ ಹಿಡಿದದ್ದು. ಲಹೆರ್‌ಚಂದ್ ಪರದೆಯನ್ನೇ ನೋಡುತ್ತ ಕುಳಿತಿದ್ದರು. ಕೌಂಟರಿನ ಮೇಲೆ ಮೊಣಕೈ ಊರಿ ಕ್ರೇನುಗಳನ್ನು ನೋಡುತ್ತಿದ್ದರಲ್ಲ, ಅದೇ ಹಳೆಯ ಮುಖ ಸ್ವಲ್ಪ ಹೊತ್ತು ಮರಳಿ ಬಂದಿತ್ತು. ಆಮೇಲೆ ಎದ್ದು ಪರದೆ ಸರಿಸಲು ಕೈ ನೀಡಿದರು.

"ಸರಿಸ್ಬೇಡಿ, ಲಹೆರ್‌ಭಾಯಿ" ಎಂದರು ಪಾನ್‌ಬಾಯಿ, ರೊಟ್ಟಿ ಲಟ್ಟಿಸುತ್ತ. ದನಿಯಲ್ಲಿ ಸಿಟ್ಟು ಇರಲಿಲ್ಲ. "ಆ ಸೋಮವಾರ ಹೆಚ್ಚಿಗೆ ಬಂದ ಸಾವಿರದ ನೂರ ಎಂಬತ್ತೊಂಬತ್ತು ರೂಪಾಯಿಯ ಪರದೆ ಅದು. ಅದರ ಹಿಂದೆ ನಿಮ್ಮ ಭಾನುವಾರ ಇದೆ."

ಅವರ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನನ್ನ ಕಡೆ ನೋಡಿದರು, ಒಂದೇ ಒಂದು ಸಲ. ಅವತ್ತು ನಾನು ಹೇಳಿದ್ದೂ ಸೇರಿ ಎಲ್ಲವೂ ಅವರಿಗೆ ನೆನಪಿದೆ ಎಂದು ನನಗೆ ಆಗ ತಿಳಿಯಿತು. ಕೈ ಇಳಿಸಿ ಬಂದು ನನ್ನ ಪಕ್ಕದಲ್ಲಿ ಕುಳಿತರು. ಪಾನ್‌ಬಾಯಿ ಇಬ್ಬರ ತಟ್ಟೆಗೂ ಬಿಸಿ ರೊಟ್ಟಿ ಹಾಕಿ, ಬೇಗ ತಿನ್ನಿ, ಕತ್ತಲಾಗುತ್ತದೆ ಎಂದರು.